ಪಠ್ಯವಿಷಯಗಳ ಸರದಿ ಜೋಡಿಸುವಾಗ ಸುತ್ತು ಹಿಡಿಯುವುದು ಹೇಗೆ?

ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಆರು ವಿಷಯಗಳಿಗೆ ಸರದಿ ಗೊತ್ತುಮಾಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಸಿ ಪ್ರೋಗ್ರಾಮಿಂಗ್‌ಗೂ ಡಿಸ್ಕ್ರೀಟ್ ಗಣಿತಕ್ಕೂ ಯಾವ ಪೂರ್ವಾರ್ಹತೆಯೂ ಇಲ್ಲ. ಡೇಟಾ ಸ್ಟ್ರಕ್ಚರ್‌ಗೆ ಈ ಎರಡೂ ಬೇಕು. ಅಲ್ಗಾರಿದಮ್‌ಗೂ ಆಪರೇಟಿಂಗ್ ಸಿಸ್ಟಮ್‌ಗೂ ಡೇಟಾ ಸ್ಟ್ರಕ್ಚರ್ ಬೇಕು. ಡೇಟಾಬೇಸ್‌ಗೆ ಡೇಟಾ ಸ್ಟ್ರಕ್ಚರ್ ಜೊತೆಗೆ ಡಿಸ್ಕ್ರೀಟ್ ಗಣಿತವೂ ಬೇಕು. ಪ್ರತಿ ವಿಷಯವೂ ತನ್ನ ಪೂರ್ವಾರ್ಹತೆಗಳ ನಂತರವೇ ಬರುವಂತೆ ಜೋಡಿಸಿದ ಸಾಲನ್ನು ಟೊಪಾಲಜಿಕಲ್ ಆರ್ಡರ್ ಎನ್ನುತ್ತಾರೆ.

ಮೊದಲಿಗೆ, ಪ್ರತಿ ವಿಷಯದ ಮುಂದೆ ಅದಕ್ಕೆ ಬೇಕಾದ ವಿಷಯಗಳನ್ನು ಬರೆದುಕೊಳ್ಳಿ. ಬಾಣ ವಿಷಯದಿಂದ ಪೂರ್ವಾರ್ಹತೆಯ ಕಡೆಗೆ ಇರಲಿ. ಹೀಗೆ ಬರೆದರೆ ಕೊನೆಯಲ್ಲಿ ಸಿಗುವ ಪಟ್ಟಿ ನೇರವಾಗಿಯೇ ಸರಿಯಾದ ಸರದಿಯಾಗಿರುತ್ತದೆ. ಬಾಣವನ್ನು ಎದುರು ದಿಕ್ಕಿಗೆ ಹಾಕಿದವರು ಪಟ್ಟಿಯನ್ನು ತಿರುಗಿಸಿ ಓದಬೇಕಾಗುತ್ತದೆ.

ಎರಡನೆಯದಾಗಿ, ಎಲ್ಲ ವಿಷಯಗಳಿಗೂ ಬಿಳಿ ಬಣ್ಣ ಕೊಡಿ. ಒಂದು ವಿಷಯವನ್ನು ಪ್ರವೇಶಿಸಿದ ಕೂಡಲೇ ಅದು ಬೂದು ಬಣ್ಣಕ್ಕೆ ತಿರುಗುತ್ತದೆ. ಅದರ ಪೂರ್ವಾರ್ಹತೆಗಳೆಲ್ಲ ಮುಗಿದ ಮೇಲೆ ಅದು ಕಪ್ಪಾಗುತ್ತದೆ, ಆಗಲೇ ಅದರ ಹೆಸರು ಪಟ್ಟಿಯ ಕೊನೆಗೆ ಸೇರುತ್ತದೆ. ಬೂದು ಎಂದರೆ ಒಳಗೆ ಹೋಗಿದ್ದೇವೆ, ಇನ್ನೂ ಹೊರಬಂದಿಲ್ಲ ಎಂದರ್ಥ. ಒಂದು ದಾರಿಯನ್ನು ತಳದವರೆಗೆ ಹಿಡಿದು ಹೋಗಿ ಆಮೇಲೆ ಹಿಂದಿರುಗುವ ಈ ಕ್ರಮವೇ ಡೆಪ್ತ್-ಫಸ್ಟ್ ಸರ್ಚ್. ಇದರ ತಿರುಳನ್ನು ಪೈಥಾನ್‌ನಲ್ಲಿ ಹೀಗೆ ಬರೆಯಬಹುದು: `needs` ಎಂದರೆ ಪ್ರತಿ ವಿಷಯದ ಪೂರ್ವಾರ್ಹತೆಗಳು, `color` ಅದರ ಬಣ್ಣ, `path` ಈಗ ನಡೆಯುತ್ತಿರುವ ದಾರಿ, `order` ಕೊನೆಯಲ್ಲಿ ಸಿಗುವ ಪಟ್ಟಿ. `path`, `order` ಎರಡೂ ಖಾಲಿಯಾಗಿ ಆರಂಭವಾಗುತ್ತವೆ, `visit` ಅನ್ನು ಪ್ರತಿ ವಿಷಯಕ್ಕೂ ಕರೆಯಬೇಕು.

```
def visit(c):
    if color[c] == "black": return
    if color[c] == "gray":
        raise ValueError(path[path.index(c):] + [c])
    color[c] = "gray"
    path.append(c)
    for p in needs[c]: visit(p)
    path.pop()
    color[c] = "black"
    order.append(c)
```

ಅಲ್ಗಾರಿದಮ್‌ನಿಂದ ಆರಂಭಿಸೋಣ. ಅದು ಬೂದಾಗುತ್ತದೆ, ಅದರೊಳಗಿನಿಂದ ಡೇಟಾ ಸ್ಟ್ರಕ್ಚರ್ ಬೂದಾಗುತ್ತದೆ, ಅಲ್ಲಿಂದ ಸಿ ಪ್ರೋಗ್ರಾಮಿಂಗ್‌ಗೆ ಇಳಿಯುತ್ತೇವೆ. ಸಿಗೆ ಬೇಕಾದದ್ದೇನೂ ಇಲ್ಲದ್ದರಿಂದ ಅದು ಕಪ್ಪಾಗಿ ಪಟ್ಟಿಯಲ್ಲಿ ಮೊದಲನೆಯದಾಗುತ್ತದೆ. ನಂತರ ಡಿಸ್ಕ್ರೀಟ್ ಗಣಿತ ಎರಡನೆಯದು, ಹಿಂದಿರುಗುವಾಗ ಡೇಟಾ ಸ್ಟ್ರಕ್ಚರ್ ಮೂರನೆಯದು, ಅಲ್ಗಾರಿದಮ್ ನಾಲ್ಕನೆಯದು. ಆಮೇಲೆ ಡೇಟಾಬೇಸ್‌ಗೆ ಹೋದರೆ ಅದಕ್ಕೆ ಬೇಕಾದ ಎರಡೂ ವಿಷಯಗಳು ಆಗಲೇ ಕಪ್ಪಾಗಿವೆ. ಹಾಗಾಗಿ ಅದು ಐದನೆಯದು, ಆಪರೇಟಿಂಗ್ ಸಿಸ್ಟಮ್ ಆರನೆಯದು.

ಈಗ ಪಠ್ಯಕ್ರಮಕ್ಕೆ ಒಂದು ತಿದ್ದುಪಡಿ ಬಂದಿತೆನ್ನಿ: ಡಿಸ್ಕ್ರೀಟ್ ಗಣಿತದ ಗ್ರಾಫ್ ಅಧ್ಯಾಯ ಚೆನ್ನಾಗಿ ಅರ್ಥವಾಗಬೇಕಾದರೆ ಅಲ್ಗಾರಿದಮ್ ಮೊದಲು ಓದಿರಬೇಕು. ಒಂಟಿಯಾಗಿ ನೋಡಿದರೆ ಈ ಮಾತಿನಲ್ಲಿ ತಪ್ಪೇ ಕಾಣುವುದಿಲ್ಲ. ಈ ಸಲ ಡೇಟಾಬೇಸ್‌ನಿಂದ ಹೊರಡೋಣ. ಅಲ್ಲಿಂದ ಡೇಟಾ ಸ್ಟ್ರಕ್ಚರ್‌ಗೆ ಇಳಿದು, ಸಿ ಮುಗಿಸಿ, ಡಿಸ್ಕ್ರೀಟ್ ಗಣಿತವನ್ನು ಪ್ರವೇಶಿಸಿ, ಅದರಿಂದ ಅಲ್ಗಾರಿದಮ್‌ಗೆ ಹೋಗುತ್ತೇವೆ. ಅಲ್ಗಾರಿದಮ್ ಕೇಳುವುದು ಡೇಟಾ ಸ್ಟ್ರಕ್ಚರನ್ನು, ಅದೋ ಇನ್ನೂ ಬೂದು ಬಣ್ಣದಲ್ಲೇ ಇದೆ. ಬೂದು ವಿಷಯ ಮತ್ತೆ ಎದುರಾದರೆ ಅದೇ ಸುತ್ತು, ಅಂದರೆ ಯಾವ ಸರದಿಯಲ್ಲೂ ಈ ನಿಯಮಗಳನ್ನೆಲ್ಲ ಪಾಲಿಸಲು ಸಾಧ್ಯವಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ನಾವು ನಡೆದ ದಾರಿಯೆಲ್ಲವೂ ಸುತ್ತಲ್ಲ. ದಾರಿಯಲ್ಲಿ ಡೇಟಾಬೇಸ್ ಕೂಡ ಇತ್ತು, ಆದರೆ ಮತ್ತೆ ಎದುರಾದದ್ದು ಡೇಟಾ ಸ್ಟ್ರಕ್ಚರ್. ಆದ್ದರಿಂದ ದಾರಿಯನ್ನು ಅಲ್ಲಿಂದಲೇ ಕತ್ತರಿಸಿ ತೋರಿಸಬೇಕು. ಕೋಡ್‌ನಲ್ಲಿ `path.index(c)` ಮಾಡುವುದು ಇದನ್ನೇ. ಡೇಟಾಬೇಸ್ ತಾನೂ ಕಲಿಸಲಾಗದೆ ನಿಂತಿದೆ, ಆದರೆ ತಪ್ಪು ಅದರದ್ದಲ್ಲ. ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ, ಪೂರ್ವಾರ್ಹತೆ ಉಳಿಯದ ವಿಷಯಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗುವ ಇನ್ನೊಂದು ವಿಧಾನವೂ ಇಲ್ಲಿ ಸುತ್ತಿದೆ ಎಂದು ಹೇಳಬಲ್ಲದು. ಆದರೆ ಸಿ ಒಂದನ್ನು ತೆಗೆದು ಉಳಿದ ಐದನ್ನೂ ಮುಂದಿಡುತ್ತದೆ. ಕುಳಿತು ಚರ್ಚಿಸಬೇಕಾದವರಿಗೆ ಐದಕ್ಕಿಂತ ಮೂರು ವಿಷಯಗಳ ನಿಖರ ಸರಪಳಿ ಸಿಗುವುದು ಮೇಲೆಂದು ನನಗನ್ನಿಸುತ್ತದೆ.

ಮೂರು ಬಣ್ಣ ಏಕೆ, "ನೋಡಿದ್ದೇವೆ" ಎಂಬ ಒಂದೇ ಗುರುತು ಸಾಲದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನೋಡಿದ ವಿಷಯ ಸಿಕ್ಕಾಗಲೆಲ್ಲ ಸುತ್ತು ಎಂದು ಸಾರಿದರೆ, ತಿದ್ದುಪಡಿಗೆ ಮೊದಲಿನ ನಿರ್ದೋಷಿ ಡೇಟಾಬೇಸ್ ಕೂಡ ಸಿಕ್ಕಿಬೀಳುತ್ತದೆ. ನೋಡಿದ್ದನ್ನು ಸುಮ್ಮನೆ ದಾಟಿಹೋದರೆ ಅದಕ್ಕಿಂತ ಕೆಟ್ಟ ಪರಿಣಾಮ: ತಿದ್ದುಪಡಿಯ ನಂತರವೂ ಅಲ್ಗಾರಿದಮ್‌ನಿಂದ ಹೊರಟರೆ, ಡಿಸ್ಕ್ರೀಟ್ ಗಣಿತ ತನಗೆ ಬೇಕಾದ ಅಲ್ಗಾರಿದಮ್ ಆಗಲೇ ನೋಡಿದ್ದೆಂದು ಭಾವಿಸಿ ಎರಡನೆಯ ಸ್ಥಾನದಲ್ಲಿ ಕುಳಿತುಬಿಡುತ್ತದೆ, ಮೊದಲಿನ ಪಟ್ಟಿಯೇ ಅಕ್ಷರಶಃ ಮತ್ತೆ ಹೊರಬೀಳುತ್ತದೆ. ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಅದಕ್ಕಾಗಿ ಪಟ್ಟಿ ಸಿಕ್ಕ ಮೇಲೆ ಪ್ರತಿ ನಿಯಮವನ್ನೂ ಒಮ್ಮೆ ತಾಳೆ ನೋಡಿ, ಪೂರ್ವಾರ್ಹತೆಯ ಸ್ಥಾನ ವಿಷಯದ ಸ್ಥಾನಕ್ಕಿಂತ ಮುಂಚಿನದೇ ಎಂದು ಖಚಿತಪಡಿಸಿಕೊಳ್ಳಿ.

ಈ ಹುಡುಕಾಟ ಒಂದು ಸುತ್ತು ಸಿಕ್ಕ ಕೂಡಲೇ ನಿಲ್ಲುತ್ತದೆ. ಒಂದು ನಿಯಮವನ್ನು ಸಡಿಲಿಸಿದ ಮೇಲೆ ಎಲ್ಲ ಬಣ್ಣಗಳನ್ನೂ ಬಿಳಿಗೆ ಮರಳಿಸಿ, ಪಟ್ಟಿಯನ್ನೂ ದಾರಿಯನ್ನೂ ಖಾಲಿ ಮಾಡಿ, ಮತ್ತೆ ನಡೆಸಬೇಕು, ಏಕೆಂದರೆ ಇನ್ನೊಂದು ಸುತ್ತು ಅಡಗಿರಬಹುದು. ಒಂದೇ ಸೆಮಿಸ್ಟರ್‌ನಲ್ಲಿ ಜೊತೆಯಾಗಿ ಓದಲೇಬೇಕಾದ ಥಿಯರಿ ಮತ್ತು ಲ್ಯಾಬ್ ಪರಸ್ಪರ ಪೂರ್ವಾರ್ಹತೆಗಳೆಂದು ದಾಖಲಾಗಿದ್ದರೆ ಅದೂ ಸುತ್ತಾಗಿಯೇ ಕಾಣುತ್ತದೆ. ಅಂಥ ಜೋಡಿಯನ್ನು ಮೊದಲೇ ಒಂದೇ ವಿಷಯವಾಗಿ ಸೇರಿಸಿ ಬರೆದುಕೊಳ್ಳಿ.