ಏಳು ಚೀಟಿ, ಮೂರು ಬಿಟ್ಟರೆ 2017

ಶಿರಸಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳೋಕೆ ಆಗಲ್ಲ. ಆವತ್ತು ಲ್ಯಾಪ್‌ಟಾಪ್ ಬ್ಯಾಟರಿಯೂ ಮುಗಿದಿತ್ತು. ಮರುದಿನ ಇಂಟರ್‌ವ್ಯೂ, ಅದಕ್ಕೆ ಒಂದು ಪ್ರೋಗ್ರಾಮಿಂಗ್ ಲೆಕ್ಕವನ್ನು ಕಾಗದದಲ್ಲೇ ಅಭ್ಯಾಸ ಮಾಡಬೇಕಾಯಿತು. ನೋಟ್‌ಬುಕ್ಕಿನ ಹಾಳೆ ಹರಿದು ಏಳು ಚೀಟಿ ಮಾಡಿ, ಒಂದೊಂದರ ಮೇಲೆ ಒಂದಂಕಿ ಬರೆದು ಜಗಲಿ ಮೇಲೆ ಸಾಲಾಗಿಟ್ಟೆ: 5283017. ಇದರಲ್ಲಿ ಮೂರು ಅಂಕಿ ತೆಗೀಬೇಕು. ಉಳಿದವುಗಳ ಕ್ರಮ ಬದಲಾಗಬಾರದು. ಸಿಗುವ ಸಂಖ್ಯೆ ಆದಷ್ಟೂ ಚಿಕ್ಕದಿರಬೇಕು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಚಿಕ್ಕದು ಬೇಕಲ್ವಾ, ಹಾಗಾದರೆ ದೊಡ್ಡ ಅಂಕಿಗಳನ್ನು ಕಿತ್ತು ಬಿಸಾಕೋಣ ಅಂತ 8, 7, 5 ತೆಗೆದೆ. ಉಳಿದಿದ್ದು 2301. ಆಮೇಲೆ ಸುಮ್ನೆ ಚೀಟಿ ಆಚೀಚೆ ಮಾಡುತ್ತಿದ್ದಾಗ 2017 ಸಿಕ್ಕಿತು. ಅದು ಇನ್ನೂ ಚಿಕ್ಕದು! ಅದರಲ್ಲಿ 7 ಉಳಿದಿದೆ, 3 ಹೋಗಿದೆ.

ಕಾರಣ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ಯಾವ ಮೂರನ್ನು ತೆಗೆದರೂ ಉಳಿಯುವುದು ನಾಲ್ಕೇ ಅಂಕಿ. ಉದ್ದ ಒಂದೇ ಆದಾಗ, ಎಡಗಡೆಯಿಂದ ನೋಡುತ್ತಾ ಹೋದರೆ ಎಲ್ಲಿ ಮೊದಲು ವ್ಯತ್ಯಾಸ ಬರುತ್ತದೋ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಹಾಗಾಗಿ ಕೊನೆಯ 7 ಎಷ್ಟು ದೊಡ್ಡದಿದ್ದರೂ ತೊಂದರೆ ಕಡಿಮೆ. ತೊಂದರೆ ಕೊಡುವುದು, ತನ್ನ ಬಲಕ್ಕೇ ತನಗಿಂತ ಚಿಕ್ಕದನ್ನು ಇಟ್ಟುಕೊಂಡು ಮುಂದೆ ಕೂತಿರುವ ಅಂಕಿ.

ಇಲ್ಲಿಗೆ ಸ್ಟ್ಯಾಕ್ ಬಂತು. ಊಟಕ್ಕಿಡುವ ಹಾಳೆ ತಟ್ಟೆಗಳ ಅಟ್ಟಿ ಇದೆಯಲ್ಲ, ಅದೇ ಲೆಕ್ಕ. ಇಡುವುದೂ ಮೇಲಿನಿಂದ, ತೆಗೆಯುವುದೂ ಮೇಲಿನಿಂದ. ಚೀಟಿಗಳನ್ನು ಒಂದೊಂದಾಗಿ ಅಟ್ಟಿ ಮಾಡುತ್ತಾ ಹೋದೆ. ಮೊದಲು 5 ಇಟ್ಟೆ. ಮುಂದಿನದು 2. ಮೇಲಿರುವ 5 ಅದಕ್ಕಿಂತ ದೊಡ್ಡದು, ತೆಗೆದೆ.

ಅಷ್ಟರಲ್ಲಿ ತಂಗಿ ಬಂದು ಕೂತಿದ್ದಳು. "ಅಣ್ಣಾ, 8 ಎಲ್ಲಕ್ಕಿಂತ ದೊಡ್ಡದು. ಅದನ್ನ ಬಿಟ್ಟು 5 ಯಾಕೆ ತೆಗೆದೆ?" ಅಂದಳು. 5 ಉಳಿಸಿದರೆ ಸಂಖ್ಯೆ ಐದು ಸಾವಿರದ ಮೇಲೆ ಹೋಗುತ್ತದೆ, ತೆಗೆದರೆ ಎರಡು ಸಾವಿರದಿಂದ ಶುರು ಆಗುತ್ತದೆ ಅಂದೆ. 8ರ ಸರದಿಯೂ ಬರುತ್ತದೆ, ಸ್ವಲ್ಪ ತಡಿ.

2 ಇಟ್ಟೆ, ಅದರ ಮೇಲೆ 8 ಇಟ್ಟೆ. 3 ಬಂದಾಗ 8 ಹೋಯಿತು. ಕೆಳಗಿನ 2 ಮೂರಕ್ಕಿಂತ ಚಿಕ್ಕದು, ಅದು ಇರಲಿ. 3 ಇಟ್ಟೆ. ಆಮೇಲೆ 0 ಬಂತು, 3 ಹೋಯಿತು. 0 ನೋಡಿದರೆ 2ನ್ನೂ ತೆಗೆಯುವ ಆಸೆ ಆಗುತ್ತದೆ, ಆದರೆ ಮೂರು ಚಾನ್ಸ್ ಮುಗಿದಿತ್ತು. ಇನ್ನು ಉಳಿದದ್ದನ್ನೆಲ್ಲ ಹಾಗೇ ಇಡುವುದು: 2017.

ರಾತ್ರಿ ಕರೆಂಟ್ ಬಂದ ಮೇಲೆ ಬರೆದದ್ದು ಇದು. ಇದರಲ್ಲಿ st ಅಂದರೆ ಅಟ್ಟಿ, k ಅಂದರೆ ಇನ್ನೂ ಎಷ್ಟು ಅಂಕಿ ತೆಗೀಬೇಕು ಅನ್ನೋದು:

```python
def remove_k(num, k):
    st = []
    for d in num:
        while k and st and st[-1] > d:
            st.pop()
            k -= 1
        st.append(d)
    if k:
        st = st[:-k]
    return "".join(st).lstrip("0") or "0"
```

ಲೂಪ್ ಒಳಗೆ ಲೂಪ್ ಇದೆ ಅಂತ ಹೆದರಬೇಡಿ. ಒಂದು ಅಂಕಿ ಅಟ್ಟಿಗೆ ಹೋಗುವುದು ಒಂದೇ ಸಲ, ಹೊರಗೆ ಬರುವುದೂ ಹೆಚ್ಚೆಂದರೆ ಒಂದೇ ಸಲ. ಲಕ್ಷ ಅಂಕಿ ಇದ್ದರೂ ಒಟ್ಟು ಕೆಲಸ ಎರಡು ಲಕ್ಷ ದಾಟಲ್ಲ.

ಇದು ಒಂದೇ ಏಟಿಗೆ ಸರಿ ಬಂದಿದ್ದಲ್ಲ. ಮೊದಲ ಸಲ `>` ಬದಲು `>=` ಹಾಕಿದ್ದೆ. 112ರಲ್ಲಿ ಒಂದಂಕಿ ತೆಗೆ ಅಂದರೆ 11 ಬರಬೇಕು, ನನಗೆ 12 ಬಂತು. ಎರಡನೇ 1 ಬಂದಾಗ ಮೊದಲನೇ 1 ತೆಗೆದು, ಇದ್ದ ಒಂದೇ ಚಾನ್ಸ್ ಹಾಳು ಮಾಡಿಕೊಂಡಿತ್ತು.

12345ರಂಥ ಏರುತ್ತಾ ಹೋಗುವ ಸಂಖ್ಯೆಯಲ್ಲಿ ಯಾವುದೂ ಹೊರಗೆ ಬರಲ್ಲ, k ಹಾಗೇ ಉಳಿಯುತ್ತದೆ. ಅಲ್ಲಿ ದೊಡ್ಡ ಅಂಕಿಗಳೆಲ್ಲ ಕೊನೆಯಲ್ಲೇ ಇರುವುದರಿಂದ ಬಾಲ ಕತ್ತರಿಸಿದರೆ ಸಾಕು. ಆ ಸಾಲಿಗೆ `if k` ಹಾಕುವುದು ಮರೆತಿದ್ದೆ. k ಸೊನ್ನೆ ಆದಾಗ `st[:-0]` ಅಂದರೆ ಪೈಥಾನ್‌ಗೆ ಖಾಲಿ ಪಟ್ಟಿ. 2017 ಬರಬೇಕಾದ ಕಡೆ 0 ಬಂತು. ಅರ್ಧ ಗಂಟೆ ತಲೆ ಕೆರೆದುಕೊಂಡೆ.

ಎಡ ತುದಿಯಲ್ಲಿ ಉಳಿಯುವ ಸೊನ್ನೆಗಳದ್ದು ಇನ್ನೊಂದು ಕತೆ. ಅದೇ 5283017ರಲ್ಲಿ ನಾಲ್ಕು ತೆಗೆದರೆ 2ಕ್ಕೂ ಜಾಗ ಖಾಲಿ ಮಾಡುವ ಯೋಗ, ಉಳಿಯುವುದು 017, ಅಂದರೆ 17. ಸೊನ್ನೆ ಕಳೆಯೋಕೆ ನಾನು `int()` ಬಳಸಿದ್ದೆ. ಸಣ್ಣ ಸಂಖ್ಯೆಗೆ ಚೆನ್ನಾಗೇ ಓಡಿತು. ಹತ್ತು ಸಾವಿರ ಅಂಕಿ ಉಳಿಯುವ ಟೆಸ್ಟ್ ಕೊಟ್ಟಾಗ `ValueError`. ಪೈಥಾನ್ 3.11ರಲ್ಲಿ 4300 ಅಂಕಿಗಿಂತ ಉದ್ದದ ಸ್ಟ್ರಿಂಗನ್ನು `int()` ಸುಮ್ಮನೆ ಒಪ್ಪಲ್ಲ. `lstrip("0")`ಗೆ ಅಂಥ ತಕರಾರಿಲ್ಲ. ಎಲ್ಲವೂ ಸೊನ್ನೆಯಾಗಿ ಖಾಲಿ ಉಳಿದರೆ ಕೊನೆಯ `or "0"` ನೋಡಿಕೊಳ್ಳುತ್ತದೆ.

ಮಲಗುವ ಮುಂಚೆ ಇನ್ನೊಂದು ಕೆಲಸ ಮಾಡಿದೆ. `itertools.combinations` ಹಾಕಿ ಎಲ್ಲ ಸಾಧ್ಯತೆಗಳನ್ನೂ ನೋಡುವ ದಡ್ಡ ಪ್ರೋಗ್ರಾಂ ಬರೆದೆ. ಏಳರಲ್ಲಿ ಮೂರು ತೆಗೆಯುವ ದಾರಿ ಬರೀ 35. ಆರಂಕಿ ಒಳಗಿನ ಎಲ್ಲ ಸಂಖ್ಯೆಗೂ ಎರಡರ ಉತ್ತರ ಹೋಲಿಸೋಕೆ ಬಿಟ್ಟು, ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದಾಗ ಒಂದೂ ತಪ್ಪಿರಲಿಲ್ಲ.