ನಾಳೆ ಒಂದು ದಿನಕ್ಕೆ ಎಷ್ಟು ಹೋಗಬಹುದು: ಒಂದು ಸಾಲು ತಪ್ಪಿದ್ದ ನನ್ನ ಶೀಟ್

ನಮ್ಮ ಸೋದರಮಾವನಿಗೆ ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇದೆ. ಲೆಕ್ಕ ಬರೆಯುವುದು ನಾನು. ಅಕ್ಟೋಬರ್‌ನಿಂದ ಮಾಲು ಬರುವುದಕ್ಕೆ ಶುರುವಾದರೆ ರೈತರಿಗೆ ಕೊಡೋಕೆ ಕೈಯಲ್ಲಿ ದುಡ್ಡು ಬೇಕು, ಬೇಸಿಗೆಯಲ್ಲಿ ಅದೇ ದುಡ್ಡು ಸುಮ್ನೆ ಕೂತಿರುತ್ತದೆ. ಅದರಲ್ಲಿ ಹತ್ತು ಲಕ್ಷವನ್ನು ಮಾವ ನಿಫ್ಟಿ ಇಂಡೆಕ್ಸ್ ಫಂಡಿಗೆ ಹಾಕಿದ್ದರು. ಹಾಕಿದ ದಿನದಿಂದ ಅವರದು ಒಂದೇ ಪ್ರಶ್ನೆ: "ಅಳಿಯಾ, ನಾಳೆ ಒಂದೇ ದಿನಕ್ಕೆ ಬಿದ್ರೆ ಎಷ್ಟು ಹೋಗುತ್ತೆ? ಇಪ್ಪತ್ತೈದು ಸಾವಿರದವರೆಗೆ ತಡ್ಕೋತೀನಿ, ಅದಕ್ಕಿಂತ ಜಾಸ್ತಿ ಆಗೋ ಹಂಗಿದ್ರೆ ಮೊದ್ಲೇ ಹೇಳು."

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಲೆಕ್ಕ. ಹಿಂದಿನ 250 ದಿನದ ರಿಟರ್ನ್ ತೆಗೆದುಕೊಂಡು ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ರಿಟರ್ನ್ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಅನ್ನುವ ಲೆಕ್ಕ ಹಾಕಿದೆ. ಆ ಲೆಕ್ಕ ನಿಜವಾಗಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡೋಕೆ ಹಳೆಯ ವರ್ಷಗಳ ಮೇಲೆ ಓಡಿಸಿದಾಗ ಅದರ ಕೊರತೆ ಕಂಡಿತು. 2020ರ ಮಾರ್ಚ್ 23ರಂದು ನಿಫ್ಟಿ ಸುಮಾರು 13% ಬಿದ್ದಿತ್ತು. ಆ ಒಂದು ದಿನ 250 ದಿನಗಳ ಪಟ್ಟಿಯಲ್ಲಿ ಒಂದೇ ತೂಕದಲ್ಲಿ ಕೂತಿರುತ್ತದೆ, ವರ್ಷ ಕಳೆದ ಮೇಲೆ ಪಟ್ಟಿಯಿಂದ ಹೊರಗೆ ಬೀಳುತ್ತದೆ, ಅವತ್ತು ಪೇಟೆಯಲ್ಲಿ ಏನೂ ನಡೆಯದೇ ಇದ್ದರೂ ನನ್ನ ಅಂದಾಜು ಮಾತ್ರ ದಢಕ್ಕನೆ ಇಳಿಯುತ್ತದೆ. ನಾಳೆಯ ಬಗ್ಗೆ ಹೇಳಬೇಕಾದ ಸಂಖ್ಯೆ ಹೋದ ವರ್ಷದ ಒಂದು ತಾರೀಖಿನಿಂದ ಅಲುಗಾಡಬಾರದು, ಅಲ್ವಾ?

ಅದಕ್ಕೇ ಹಳೆಯ ದಿನಗಳ ತೂಕ ದಿನೇ ದಿನೇ ಕರಗುತ್ತಾ ಹೋಗುವ ಲೆಕ್ಕಕ್ಕೆ ಬಂದೆ. ಇಂಗ್ಲಿಷಿನಲ್ಲಿ ಎಕ್ಸ್‌ಪೊನೆನ್ಷಿಯಲಿ ವೇಯ್ಟೆಡ್ ಅನ್ನುತ್ತಾರೆ. ನಾಳೆಯ ವ್ಯಾರಿಯನ್ಸ್, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ನಿನ ವರ್ಗ, ಬೇಕಾದರೆ ಇವತ್ತಿಗೆಂದು ಅಂದಾಜು ಮಾಡಿದ್ದ ವ್ಯಾರಿಯನ್ಸಿನಲ್ಲಿ 94% ಉಳಿಸಿಕೊಳ್ಳಬೇಕು, ಇವತ್ತಿನ ರಿಟರ್ನಿನ ವರ್ಗದಲ್ಲಿ 6% ಸೇರಿಸಬೇಕು. ಅಷ್ಟೇ. ಈ 0.94ಕ್ಕೆ ಲ್ಯಾಂಬ್ಡಾ ಅಂತ ಹೆಸರು, 1994ರಲ್ಲಿ ಜೆ.ಪಿ. ಮಾರ್ಗನ್ ಹೊರತಂದ ರಿಸ್ಕ್‌ಮೆಟ್ರಿಕ್ಸ್ ದಿನದ ಲೆಕ್ಕಕ್ಕೆ ಬಳಸಿದ ಬೆಲೆ ಅದು. ಇದರಲ್ಲಿ ಒಂದು ದಿನದ ತೂಕ ಸುಮಾರು ಹನ್ನೊಂದು ವಹಿವಾಟಿನ ದಿನಗಳಲ್ಲಿ ಅರ್ಧ ಆಗುತ್ತದೆ. 75 ದಿನ ಕಳೆದರೆ ಹಳೆಯದರಲ್ಲಿ ಉಳಿಯುವುದು 1% ಮಾತ್ರ, ಹಾಗಾಗಿ ಮೊದಲ ಸಾಲಿಗೆ ಏನು ಹಾಕಿ ಶುರು ಮಾಡಬೇಕು ಅನ್ನುವ ಚಿಂತೆ ಬೇಡ. ನಾನು ಮೊದಲ 30 ದಿನದ ಮಾಮೂಲಿ ವ್ಯಾರಿಯನ್ಸ್ ಹಾಕಿದೆ. ದಿನದ ಸರಾಸರಿ ರಿಟರ್ನ್ ಕಳೆಯಲಿಲ್ಲ, ಒಂದು ದಿನದ ಮಟ್ಟಿಗೆ ಅದು ತೀರಾ ಚಿಕ್ಕದು.

ಇಲ್ಲೇ ನಾನು ಎಡವಿದ್ದು, ಮತ್ತು ಇದನ್ನು ಬರೆಯುತ್ತಿರುವುದೂ ಮುಖ್ಯವಾಗಿ ಅದಕ್ಕೇ. ಶೀಟಿನಲ್ಲಿ B ಕಾಲಂ ಕ್ಲೋಸಿಂಗ್ ಬೆಲೆ, C ರಿಟರ್ನ್, D ವ್ಯಾರಿಯನ್ಸ್, E ರೂಪಾಯಿಯಲ್ಲಿ ರಿಸ್ಕ್. ನಾನು ಮೊದಲು ಬರೆದದ್ದು ಹೀಗೆ:

```
D4: =0.94*D3+0.06*C4^2
```

ನೋಡೋಕೆ ಸರಿಯಾಗಿಯೇ ಇದೆ. ಆದರೆ ನಾಲ್ಕನೇ ಸಾಲಿನ D ಒಳಗೆ ನಾಲ್ಕನೇ ಸಾಲಿನ ರಿಟರ್ನೇ ಸೇರಿಕೊಂಡಿದೆ. ಅಂದರೆ ಸೋಮವಾರದ ನಷ್ಟವನ್ನು, ಸೋಮವಾರ ಸಂಜೆ ಮಾತ್ರ ಗೊತ್ತಾಗುವ ಅಂದಾಜಿನ ಜೊತೆ ಹೋಲಿಸುತ್ತಿದ್ದೆ. ಸರಿಯಾದದ್ದು ಇದು:

```
D4: =0.94*D3+0.06*C3^2
E4: =2.33*SQRT(D4)*1000000
F4: =IF(-C4>2.33*SQRT(D4),1,0)
```

ಈಗ D4 ಅಂದರೆ ಹಿಂದಿನ ಸಂಜೆಯೇ ಗೊತ್ತಿದ್ದ, ನಾಲ್ಕನೇ ಸಾಲಿನ ದಿನಕ್ಕೆ ಮಾಡಿದ ಅಂದಾಜು. ಅದರ ವರ್ಗಮೂಲವೇ ಆ ದಿನದ ವೊಲಟಿಲಿಟಿ, ಅಂದರೆ ಏರಿಳಿತದ ಅಳತೆ. 2.33 ಅನ್ನುವುದು ಶೇಕಡಾ 99ಕ್ಕೆ: ನಾರ್ಮಲ್ ಹಂಚಿಕೆ ಅಂತ ಇಟ್ಟುಕೊಂಡರೆ ನೂರರಲ್ಲಿ ಒಂದು ದಿನ ಮಾತ್ರ ನಷ್ಟ ಇದನ್ನು ದಾಟಬೇಕು. F ಕಾಲಂ ದಾಟಿದ ದಿನಗಳನ್ನು ಎಣಿಸುತ್ತದೆ.

ತಪ್ಪು ಸಿಕ್ಕಿದ್ದು ಹೇಗೆ ಅಂದರೆ, F ಕಾಲಂ ಅತಿಯಾಗಿ ಚೆನ್ನಾಗಿತ್ತು. 250 ದಿನಕ್ಕೆ ಎರಡೋ ಮೂರೋ ಸಲ 1 ಬರಬೇಕಾದ ಕಡೆ ಬಹುತೇಕ ಸೊನ್ನೆಗಳೇ ಇದ್ದವು. ಷೇರು ಪೇಟೆಯ ದೊಡ್ಡ ಕುಸಿತಗಳು ನಾರ್ಮಲ್ ಹಂಚಿಕೆ ಹೇಳುವುದಕ್ಕಿಂತ ಹೆಚ್ಚು ಸಲ ಬರುತ್ತವೆ, ಆದ್ದರಿಂದ ದಾಟುವ ದಿನಗಳು ಸ್ವಲ್ಪ ಜಾಸ್ತಿ ಇರಬೇಕೇ ಹೊರತು ಕಡಿಮೆ ಅಲ್ಲ. ಪೇಪರ್ ಪೆನ್ನು ಹಿಡಿದು ಬಿಡಿಸಿದಾಗ ಕಾರಣ ಸ್ಪಷ್ಟವಾಯಿತು. ಆ ದಿನದ ರಿಟರ್ನ್ ಅಂದಾಜಿನ ಒಳಗೇ ಸೇರಿದ್ದರೆ, ಬಿದ್ದಷ್ಟೂ ಗೆರೆಯೂ ಜೊತೆಗೆ ಕೆಳಗೆ ಸರಿಯುತ್ತದೆ. ನಿಜವಾಗಿ ಹಿಂದಿನ ಸಂಜೆಯ ವೊಲಟಿಲಿಟಿಯ 2.33 ಪಟ್ಟು ಬಿದ್ದರೆ ದಾಟಿದಂತೆ ಎಣಿಸಬೇಕು. ನನ್ನ ಶೀಟಿನಲ್ಲಿ ಅದು 2.75 ಪಟ್ಟು ಬಿದ್ದ ಮೇಲೆ ಮಾತ್ರ ಎಣಿಸುತ್ತಿತ್ತು. ನಾರ್ಮಲ್ ಲೆಕ್ಕದಲ್ಲಿ ಅದು ನೂರಕ್ಕೆ ಒಂದು ದಿನ ಅಲ್ಲ, ಸಾವಿರಕ್ಕೆ ಮೂರು ದಿನ. ಇನ್ನೂ ವಿಚಿತ್ರ ಏನೆಂದರೆ, ಪೇಟೆ ಎಷ್ಟೇ ಬಿದ್ದರೂ ಈ ತಪ್ಪು ಲೆಕ್ಕದಲ್ಲಿ ನಷ್ಟ ಅಂದಾಜಿನ 4.08 ಪಟ್ಟನ್ನು ದಾಟುವುದೇ ಇಲ್ಲ, ಏಕೆಂದರೆ 1ನ್ನು 0.06ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವುದು ಅಷ್ಟೇ. ನಿಮ್ಮ ಶೀಟಿನಲ್ಲಿ ಅತಿ ಕೆಟ್ಟ ದಿನವೂ ನಾಲ್ಕು ಪಟ್ಟಿನ ಹತ್ತಿರ ಬಂದು ನಿಂತುಬಿಡುತ್ತಿದ್ದರೆ ಮೊದಲು ಸಾಲಿನ ನಂಬರ್ ನೋಡಿ.

ಸಾಲು ಸರಿ ಮಾಡಿದ ಮೇಲೆ ಬಂದದ್ದು 2024ರ ಲೋಕಸಭೆ ಫಲಿತಾಂಶದ ವಾರ. ಅದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಮೇ 31ರ ಸಂಜೆ ದಿನದ ವೊಲಟಿಲಿಟಿ 0.7%ರ ಆಸುಪಾಸು ಇತ್ತು, ಲೆಕ್ಕಕ್ಕೆ 0.70 ಎಂದೇ ಇಟ್ಟುಕೊಳ್ಳೋಣ. ವ್ಯಾರಿಯನ್ಸ್ 0.49. ಜೂನ್ 3ರಂದು ನಿಫ್ಟಿ 22,530.70ರಿಂದ 23,263.90ಕ್ಕೆ ಏರಿತು, 3.25%. ಅದರ ವರ್ಗ 10.59. ಈಗ 0.94 × 0.49 ಅಂದರೆ 0.46, ಅದಕ್ಕೆ 0.06 × 10.59 ಅಂದರೆ 0.64 ಸೇರಿಸಿದರೆ 1.10. ವರ್ಗಮೂಲ 1.05%. ಒಂದೇ ದಿನದಲ್ಲಿ ಅಂದಾಜು ಅರ್ಧದಷ್ಟು ಮೇಲೆ ಹೋಯಿತು, ಅದೂ ಪೇಟೆ ಏರಿದ ದಿನ! ವರ್ಗ ಮಾಡಿದ ಮೇಲೆ ಪ್ಲಸ್ ಮೈನಸ್ ಉಳಿಯುವುದಿಲ್ಲವಲ್ಲ. ಮಾವನಿಗೆ ಅವತ್ತು ಸಂಜೆ ಹೇಳಿದ ಸಂಖ್ಯೆ 2.33 × 1.05%, ಹತ್ತು ಲಕ್ಷಕ್ಕೆ ಸುಮಾರು 24,400 ರೂಪಾಯಿ. ಅವರ ಮಿತಿಯ ಒಳಗೇ ಇತ್ತು.

ಮರುದಿನ ನಿಫ್ಟಿ 21,884.50ಕ್ಕೆ ಬಿತ್ತು. 5.93%. ಹತ್ತು ಲಕ್ಷಕ್ಕೆ 59,300 ರೂಪಾಯಿ.

ಅವತ್ತು ಅಂಗಡಿಯಲ್ಲಿ ಮಾವ ಬೈಯಲಿಲ್ಲ. "ಇಪ್ಪತ್ನಾಲ್ಕು ಅಂದಿದ್ಯಲ್ಲಪ್ಪ" ಅಂದರು ಅಷ್ಟೇ. ನನಗೆ ಅದೇ ಜಾಸ್ತಿ ನೋವಾಯಿತು. ಯೋಚಿಸಿದರೆ ಎರಡು ವಿಷಯ ನಾನು ಅವರಿಗೆ ಸರಿಯಾಗಿ ಹೇಳಿಯೇ ಇರಲಿಲ್ಲ. ಒಂದು, 24,400 ಅನ್ನುವುದು ನಷ್ಟದ ತಳ ಅಲ್ಲ. ನೂರರಲ್ಲಿ ತೊಂಬತ್ತೊಂಬತ್ತು ದಿನ ಅದಕ್ಕಿಂತ ಕಡಿಮೆ ಹೋಗುತ್ತದೆ ಅಂತ ಅರ್ಥ, ಉಳಿದ ಒಂದು ದಿನ ಎಷ್ಟು ಹೋಗುತ್ತದೆ ಅಂತ ಆ ಸಂಖ್ಯೆಗೆ ಗೊತ್ತಿಲ್ಲ. ಎರಡು, ಈ ಲೆಕ್ಕ ಹಿಂದೆ ಮಾತ್ರ ನೋಡುತ್ತದೆ. ಜೂನ್ 4ಕ್ಕೆ ಎಣಿಕೆ ಅಂತ ಊರಿಗೆಲ್ಲ ಗೊತ್ತಿತ್ತು, ಆದರೆ ತಾರೀಖು ಮುಂದಿದೆ ಅನ್ನುವುದು D ಕಾಲಂಗೆ ಹೇಗೆ ಗೊತ್ತಾಗಬೇಕು? ಮುಂದೆ ಎಷ್ಟು ಏರಿಳಿತ ಬರಬಹುದು ಅಂತ ಪೇಟೆ ಎಣಿಸುತ್ತಿದೆ ಅನ್ನುವುದನ್ನು ಆಪ್ಷನ್ ಬೆಲೆಯಿಂದ ತೆಗೆಯುವ ಇಂಡಿಯಾ ವಿಕ್ಸ್ ಮೇ ತಿಂಗಳಲ್ಲೇ 20 ದಾಟಿತ್ತು. ಅದು ವರ್ಷದ ಲೆಕ್ಕ, 252ರ ವರ್ಗಮೂಲದಿಂದ ಭಾಗಿಸಿದರೆ 20 ಅಂದರೆ ದಿನಕ್ಕೆ 1.26%. ನನ್ನ ಶೀಟ್ 0.7 ಅನ್ನುತ್ತಿದ್ದಾಗ ಪೇಟೆ 1.26ಕ್ಕಿಂತ ಮೇಲೆ ಹೇಳುತ್ತಿತ್ತು. ಆ ಅಂತರ ಕಣ್ಣೆದುರೇ ಇತ್ತು, ನಾನು ನೋಡಿರಲಿಲ್ಲ.

ಆಮೇಲಿನ ದಿನಗಳು ಇನ್ನೂ ಕಲಿಸಿದವು. ಜೂನ್ 4ರ ಸಂಜೆ ಅಂದಾಜು 1.77%ಕ್ಕೆ ಹಾರಿತು. 5ರಂದು ನಿಫ್ಟಿ 3.36% ಏರಿ 22,620.35ಕ್ಕೆ ಬಂತು, ಅಂದಾಜು 1.91. 6ರಂದು 0.89% ಏರಿಕೆ, ಅಂದಾಜು 1.86ಕ್ಕೆ ಇಳಿಯಿತು. 7ರಂದು 2.05% ಏರಿ 23,290.15, ಅಂದಾಜು 1.87. ಸಂಜೆ ಫೋನಿನಲ್ಲಿ ಮಾವ ಕೇಳಿದರು: "ದುಡ್ಡು ಸೋಮವಾರ ಎಲ್ಲಿತ್ತೋ ಅಲ್ಲೇ ಬಂದು ನಿಂತಿದೆ. ಅವತ್ತು ಇಪ್ಪತ್ನಾಲ್ಕು ಅಂದೆ, ಇವತ್ತು ನಲವತ್ಮೂರುವರೆ ಸಾವಿರ ಅಂತೀಯಾ. ಏನು ಬದಲಾಯ್ತು?" ದುಡ್ಡು ಎಲ್ಲಿದೆ ಅಂತ ನಾನು ಅಳೆಯುತ್ತಿಲ್ಲ ಮಾವ, ಅದು ಅಲ್ಲಿಗೆ ಬರೋಕೆ ಎಷ್ಟು ಅಲ್ಲಾಡಿತು ಅಂತ ಅಳೆಯುತ್ತಿದ್ದೇನೆ ಅಂದೆ. ಅದು ಅವರಿಗೆ ತಕ್ಷಣ ಹಿಡಿಯಿತು, ಮೆಕ್ಕೆಜೋಳದ ರೇಟು ಮಧ್ಯಾಹ್ನ ಕುಣಿದು ಸಂಜೆ ಬೆಳಗಿನ ಜಾಗಕ್ಕೇ ಬರುವುದನ್ನು ಎಷ್ಟೋ ಸಲ ನೋಡಿದವರು ಅವರು.

ಇದು ಎಷ್ಟು ದಿನ ಹೀಗೆ ಇರುತ್ತದೆ ಅಂತಲೂ ಕೇಳಿದರು. ಪೇಟೆ ಒಂದು ಪೈಸೆಯೂ ಅಲ್ಲಾಡದೆ ಕೂತರೂ ಅಂದಾಜು ದಿನಕ್ಕೆ ಸುಮಾರು 3%ರಷ್ಟು ಮಾತ್ರ ಕರಗುತ್ತದೆ, ಅಂದರೆ ಮೂವತ್ತಮೂರರಲ್ಲಿ ಒಂದು ಭಾಗ. 1.87ರಿಂದ 1ಕ್ಕೆ ಇಳಿಯೋಕೆ ಕನಿಷ್ಠ ಇಪ್ಪತ್ತು ವಹಿವಾಟಿನ ದಿನ ಬೇಕು. ಏರುವುದು ಒಂದೇ ದಿನದಲ್ಲಿ, ಇಳಿಯುವುದು ತಿಂಗಳಲ್ಲಿ. ನನ್ನ ಅಭಿಪ್ರಾಯದಲ್ಲಿ ಮಾವನಂಥವರ ದುಡ್ಡಿಗೆ ಇದು ಒಳ್ಳೆಯದೇ. ಒಂದು ಆಘಾತದ ಹಿಂದೆಯೇ ಇನ್ನೊಂದು ಬರುವುದು ಪೇಟೆಯ ಸ್ವಭಾವ.

ಇಷ್ಟರ ಮೇಲೆ ಒಂದೇ ಷೇರಿಗೆ ಈ ಲೆಕ್ಕ ಮಾಡುವವರು ಬೋನಸ್ ತಾರೀಖು ನೋಡಿಕೊಳ್ಳಿ. ರಿಲಯನ್ಸ್ 2024ರ ಅಕ್ಟೋಬರ್ 28ರಂದು ಒಂದಕ್ಕೊಂದು ಬೋನಸ್ ಆದಾಗ ಬೆಲೆ ಅರ್ಧವಾಯಿತು. ಹೊಂದಿಸದ ಬೆಲೆ ಹಾಕಿದರೆ ಶೀಟಿಗೆ ಅದು 50% ಕುಸಿತ, ಅಂದಾಜು ಒಂದೇ ಏಟಿಗೆ 12% ದಾಟುತ್ತದೆ, ಮೇಲೆ ಹೇಳಿದ ನಿಧಾನದಲ್ಲಿ ಕರಗೋಕೆ ನಾಲ್ಕು ತಿಂಗಳ ಹತ್ತಿರ ಹಿಡಿಯುತ್ತದೆ.

ಜೂನ್ 7ರ ಸಂಖ್ಯೆ ಪ್ರಕಾರ ಇಪ್ಪತ್ತೈದು ಸಾವಿರದ ಮಿತಿಗೆ ಹೊಂದುವುದು ಸುಮಾರು 5.7 ಲಕ್ಷ. ಮುಂದಿನ ಸೋಮವಾರ ಮಾವ ನಾಲ್ಕೂಕಾಲು ಲಕ್ಷ ತೆಗೆದು ಲಿಕ್ವಿಡ್ ಫಂಡಿಗೆ ಹಾಕಿಸಿದರು. ಶೀಟಿಗೆ ನಾನು ಎರಡು ಕಾಲಂ ಸೇರಿಸಿದೆ: ಒಂದರಲ್ಲಿ ವಿಕ್ಸನ್ನು 15.87ರಿಂದ ಭಾಗಿಸಿದ ಸಂಖ್ಯೆ, ಇನ್ನೊಂದರಲ್ಲಿ ಬಜೆಟ್, ಚುನಾವಣೆ ಎಣಿಕೆಯಂಥ ಮೊದಲೇ ಗೊತ್ತಿರುವ ತಾರೀಖುಗಳು. ಆ ತಾರೀಖುಗಳ ಹಿಂದಿನ ಸಂಜೆ ಎರಡರಲ್ಲಿ ದೊಡ್ಡದನ್ನೇ ಮಾವನಿಗೆ ಹೇಳುತ್ತೇನೆ, ಜೊತೆಗೆ ಜೂನ್ 4ರಂಥ ದಿನ ಮತ್ತೆ ಬಂದರೆ ಎಷ್ಟು ಅನ್ನುವುದನ್ನು ಬೇರೆಯಾಗಿ, ರೂಪಾಯಿಯಲ್ಲೇ.