ಡ್ರಮ್ ತಿರುಗದಿದ್ದರೆ ಮೊದಲು ಹಿಂದಿನ ತಗಡು ಬಿಚ್ಚಿ ನೋಡಿ

ವಾಷಿಂಗ್ ಮಷೀನ್‌ಗೆ ನೀರು ತುಂಬುತ್ತದೆ, ಬಾಗಿಲು ಲಾಕ್ ಆಗುತ್ತದೆ, ಡ್ರಮ್ ಮಾತ್ರ ಅಲುಗುವುದಿಲ್ಲ. ಆಫ್ ಮಾಡಿ, ನೀರು ಹೊರಗೆ ಬಿಟ್ಟು, ಡ್ರಮ್ಮನ್ನು ಕೈಯಿಂದ ಸ್ವಲ್ಪ ತಿರುಗಿಸಿ ಮತ್ತೆ ಹಚ್ಚಿದರೆ ಒಂದೊಂದು ಸಲ ನಡೆಯುತ್ತದೆ. ವಿಜಯಪುರದಲ್ಲಿ ನಮ್ಮ ಅಕ್ಕನ ಮನೆಯ 7 ಕೆಜಿ ಫ್ರಂಟ್ ಲೋಡ್ ಮಷೀನ್ ಹೀಗೇ ಕಾಡುತ್ತಿತ್ತು. ಮೋಟರ್ ಸುಟ್ಟಿದೆ, ಹೊಸ ಮಷೀನ್ ತೊಗೊಳ್ಳಿ ಎಂದು ಒಬ್ಬರು ಹೇಳಿ ಹೋಗಿದ್ದರು. ಆಮೇಲೆ ಬಂದ ಮೆಕ್ಯಾನಿಕ್ ಮೋಟರ್ ಬಿಚ್ಚಿ ನೋಡಿ, "ಅಕ್ಕಾರ, ಮೋಟರ್ ಹೋಗಿಲ್ರಿ, ಕಾರ್ಬನ್ ಸವದಾವ್ರಿ" ಅಂದ. ಮೋಟರಿನ ತಿರುಗುವ ಭಾಗಕ್ಕೆ ಉಜ್ಜುತ್ತಾ ಕರೆಂಟ್ ಮುಟ್ಟಿಸುವ ಸಣ್ಣ ತುಂಡುಗಳೇ ಈ ಕಾರ್ಬನ್ ಬ್ರಷ್. ಕೆಲವು ನೂರು ರೂಪಾಯಿಯ ಒಂದು ಜೋಡಿ ಹಾಕಿದ ಮೇಲೆ ಮಷೀನ್ ನಡೆಯಿತು.

ಆದರೆ ಎಲ್ಲ ಮಷೀನ್‌ನಲ್ಲೂ ಕಾರ್ಬನ್ ಇರುವುದಿಲ್ಲ. ಹಾಗಾಗಿ ನಿಮ್ಮ ಮನೆಯದು ಯಾವ ಬಗೆಯದು ಎಂದು ಮೊದಲು ತಿಳಿಯಬೇಕು.

ಯಾವ ಬಗೆಯದು?

ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಮೋಟರ್‌ಗೆ ಕಾರ್ಬನ್ ಇದೆಯೋ ಇಲ್ಲವೋ? ಮೋಟರ್ ಡ್ರಮ್ಮಿಗೆ ಬೆಲ್ಟ್ ಮೂಲಕ ಸೇರಿದೆಯೋ, ನೇರವಾಗಿಯೋ? ಅಂಗಡಿಯಲ್ಲಿ "ಇನ್ವರ್ಟರ್" ಎಂಬ ಸ್ಟಿಕರ್ ನೋಡಿದ ಕೂಡಲೇ ಬೆಲ್ಟ್ ಇಲ್ಲ ಎಂದು ಬಹಳ ಜನ ತಿಳಿಯುತ್ತಾರೆ. ಅದು ತಪ್ಪು. ಇನ್ವರ್ಟರ್ ಅಂದರೆ ಮೋಟರಿನ ವೇಗ ಹಿಡಿತದಲ್ಲಿಡುವ ಬೋರ್ಡ್, ಅಷ್ಟೇ. ಬೆಲ್ಟ್ ಇರುವ ಇನ್ವರ್ಟರ್ ಮಷೀನ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಪ್ಲಗ್ ಕಿತ್ತು, ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಹಗುರವಾಗಿ ತಿರುಗುತ್ತಾ ಒಳಗಿನಿಂದ ಸರ್ರನೆ ಸಣ್ಣ ಸದ್ದು ಬಂದರೆ ಅದು ಬೆಲ್ಟ್ ಮತ್ತು ಕಾರ್ಬನ್ ಇರುವ ಯೂನಿವರ್ಸಲ್ ಮೋಟರ್ ಇರಬಹುದು. ತಡೆದು ತಡೆದು ತಿರುಗಿದಂತೆ ಕೈಗೆ ಅನಿಸಿದರೆ ಅದು ಆಯಸ್ಕಾಂತದ ಎಳೆತ, ಅಂದರೆ ಬ್ರಷ್ ಇಲ್ಲದ ಮೋಟರ್. ಖಾತ್ರಿ ಬೇಕಾದರೆ ಹಿಂದಿನ ತಗಡಿನ ಸ್ಕ್ರೂ ಬಿಚ್ಚಿ. ದೊಡ್ಡ ಪುಲಿ, ಅದರ ಸುತ್ತ ಬೆಲ್ಟ್, ಕೆಳಗೆ ಸಣ್ಣ ಮೋಟರ್ ಕಂಡರೆ ಬೆಲ್ಟಿನದು. ಡ್ರಮ್ಮಿನ ನಟ್ಟನಡುವೆ ಅಗಲವಾದ ಚಪ್ಪಟೆ ಬಟ್ಟಲಿನಂಥದ್ದು ಕೂತಿದ್ದರೆ ಡೈರೆಕ್ಟ್ ಡ್ರೈವ್.

ಬೆಲ್ಟ್ ಏಕೆ ಬೇಕು? ಯೂನಿವರ್ಸಲ್ ಮೋಟರ್ ಸಣ್ಣದು, ಆದರೆ ಬಹಳ ವೇಗದ್ದು. ಮಿಕ್ಸಿಯಲ್ಲಿರುವುದೂ ಇದೇ ಜಾತಿ. ದೊಡ್ಡ ಪುಲಿ ಸಣ್ಣ ಪುಲಿಯ 12 ಪಟ್ಟು ಇದೆ ಅನ್ನಿ. ಬಟ್ಟೆ ಒಗೆಯುವಾಗ ಡ್ರಮ್ ನಿಮಿಷಕ್ಕೆ 50 ಸುತ್ತು ತಿರುಗಿದರೆ ಮೋಟರ್ 600 ಸುತ್ತು ತಿರುಗುತ್ತದೆ. ಹಿಂಡುವಾಗ ಡ್ರಮ್ 1000 ಸುತ್ತು ಹೊಡೆದರೆ ಮೋಟರ್ 12,000! ಅಷ್ಟು ವೇಗದಲ್ಲಿ, ಮೋಟರಿನ ಜೊತೆ ತಿರುಗುವ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರ್‌ಗೆ ಎರಡು ಕಾರ್ಬನ್ ತುಂಡುಗಳು ಸದಾ ಉಜ್ಜುತ್ತಿರುತ್ತವೆ. ಹಾಗಾಗಿ ಸವೆಯುವುದು ಸಹಜ. ಹಿಂಡುವಾಗ ಬರುವ ಆ ಕೀರಲು ಸದ್ದೂ ಇಲ್ಲಿಂದಲೇ.

ಕಾರ್ಬನ್ ಬದಲಿಸುವುದು

ಪ್ಲಗ್ ಕಿತ್ತಿರಲಿ, ನಲ್ಲಿ ಬಂದ್ ಇರಲಿ. ಮುಂದಿನ ಕೆಳಗಿನ ಫಿಲ್ಟರ್ ತೆಗೆದು ಉಳಿದ ನೀರು ಬಸಿಯಿರಿ. ಬೆಲ್ಟನ್ನು ಒಂದು ಕಡೆ ಎಳೆದು ಹಿಡಿದು ದೊಡ್ಡ ಪುಲಿಯನ್ನು ನಿಧಾನ ತಿರುಗಿಸಿದರೆ ಅದು ಜಾರಿ ಹೊರಬರುತ್ತದೆ. ಬಿರುಕು, ಇಲಿ ಕಡಿದ ಗುರುತು ಇದೆಯೇ ನೋಡಿ. ಬೆಲ್ಟಿನ ಬೆನ್ನ ಮೇಲೆ `1270 J5` ಎಂಬಂಥ ಬರಹ ಇರುತ್ತದೆ: ಉದ್ದ 1270 ಮಿಲಿಮೀಟರ್, J ಎಂಬ ಆಕಾರ, 5 ಗೆರೆ. ಹೊಸದು ತರುವಾಗ ಇದು ಪೂರ್ತಿ ಹೊಂದಬೇಕು. ಹಳೆಯದನ್ನೇ ಅಂಗಡಿಗೆ ಒಯ್ಯುವುದು ಒಳ್ಳೆಯದು.

ಈಗ ಮೋಟರಿನ ಪ್ಲಗ್ ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಮೋಟರ್ ಹಿಡಿದಿರುವ ಬೋಲ್ಟ್ ಬಿಚ್ಚಿ ಹೊರಗೆ ತೆಗೆಯಿರಿ. ಭಾರ ಇರುತ್ತದೆ, ಒಂದು ಕೈಯಿಂದ ಆಧರಿಸಿ. ಎರಡೂ ಬದಿಯ ಹೋಲ್ಡರ್‌ಗಳಲ್ಲಿ ಕಾರ್ಬನ್ ಇರುತ್ತದೆ. ಅದರ ಮುಖದ ಇಳಿಜಾರು ಯಾವ ಕಡೆಗಿತ್ತು ಎಂದು ಗುರುತು ಮಾಡಿಕೊಳ್ಳಿ, ಹೊಸದನ್ನು ಹಾಗೇ ಕೂರಿಸಬೇಕು. ಹೊಸ ಕಾರ್ಬನ್ ಸುಮಾರು 3 ರಿಂದ 4 ಸೆಂಟಿಮೀಟರ್ ಇರುತ್ತದೆ. ಒಂದು ಸೆಂಟಿಮೀಟರ್ ಹತ್ತಿರ ಬಂದಿದ್ದರೆ ಬದಲಿಸುವ ಹೊತ್ತು. ಅಷ್ಟು ಸವೆದಾಗ ಹಿಂದಿನ ಸ್ಪ್ರಿಂಗ್ ಸರಿಯಾಗಿ ಒತ್ತುವುದಿಲ್ಲ. ಅದಕ್ಕೇ ಮೋಟರ್ ಒಮ್ಮೆ ನಡೆಯುತ್ತದೆ, ಒಮ್ಮೆ ನಿಲ್ಲುತ್ತದೆ, ಬಟ್ಟೆ ಜಾಸ್ತಿ ಆದಾಗ ಏಳುವುದೇ ಇಲ್ಲ. ಒಂದೇ ಸವೆದಿದ್ದರೂ ಜೋಡಿಯನ್ನೇ ಬದಲಿಸಿ.

ಕಮ್ಯುಟೇಟರನ್ನು ಒಣ ಬಟ್ಟೆಯಿಂದ ಒರೆಸಿ. ಪಟ್ಟಿಗಳು ಒಂದೇ ಮಟ್ಟದಲ್ಲಿದ್ದು ಕಂದು ಬಣ್ಣ ಇದ್ದರೆ ಚಿಂತೆಯಿಲ್ಲ. ಒಂದು ಪಟ್ಟಿ ಎದ್ದಿದ್ದರೆ ಅಥವಾ ಸುಟ್ಟಿದ್ದರೆ ಹೊಸ ಕಾರ್ಬನ್ ಹಾಕಿದರೂ ಬೇಗ ಸವೆಯುತ್ತದೆ. ಆಗ ಮೋಟರೇ ಬದಲಾಗಬೇಕು.

ಬೆಲ್ಟ್ ಇನ್ನೂ ಹೊರಗಿರುವಾಗ ಒಂದು ಪರೀಕ್ಷೆ ಮಾಡಿ, ಇದನ್ನು ಬಿಡಬೇಡಿ. ದೊಡ್ಡ ಪುಲಿಯನ್ನು ಕೈಯಿಂದ ಜೋರಾಗಿ ತಿರುಗಿಸಿ. ಗರಗರ ಸದ್ದು ಬಂದರೆ ತೊಂದರೆ ಮೋಟರಿನದಲ್ಲ, ಡ್ರಮ್ಮಿನ ಬೇರಿಂಗ್‌ನದು. ಎಣ್ಣೆ ಸೀಲ್ ಹೋಗಿ ನೀರು ಒಳಗೆ ಇಳಿದಿರುತ್ತದೆ, ಹಿಂದೆ ತುಕ್ಕಿನ ಕಲೆಯೂ ಕಾಣಬಹುದು. ಎಷ್ಟೋ ಮನೆಯಲ್ಲಿ ಈ ಸದ್ದಿಗೆ ಸುಮ್ನೆ ಮೋಟರ್ ಬದಲಿಸುತ್ತಾರೆ.

ತಿರುಗಿ ಜೋಡಿಸುವಾಗ ಬೆಲ್ಟನ್ನು ಮೊದಲು ಸಣ್ಣ ಪುಲಿಗೆ ಹಾಕಿ, ಆಮೇಲೆ ದೊಡ್ಡದಕ್ಕೆ ಹೊರಳಿಸಿ. ತಗಡು ಮುಚ್ಚಿ, ಮೊದಲ ಸಲ ಬಟ್ಟೆ ಇಲ್ಲದೆ ಓಡಿಸಿ. ಹೊಸ ಕಾರ್ಬನ್ ಕೂರುವವರೆಗೆ ಸ್ವಲ್ಪ ಕಿಡಿ, ಸ್ವಲ್ಪ ವಾಸನೆ ಇರುತ್ತದೆ. ಅದು ಕ್ರಮೇಣ ಇಳಿಯಬೇಕು, ಏರುತ್ತಾ ಹೋದರೆ ನಿಲ್ಲಿಸಿ.

ಬ್ರಷ್ ಇಲ್ಲದ ಮೋಟರ್ ಆದರೆ

ಡೈರೆಕ್ಟ್ ಡ್ರೈವ್‌ನಲ್ಲಿ ಸವೆಯುವ ಕಾರ್ಬನ್ನೂ ಇಲ್ಲ, ಬೆಲ್ಟೂ ಇಲ್ಲ. ಮೋಟರ್ ಡ್ರಮ್ಮಿನಷ್ಟೇ ನಿಧಾನ ತಿರುಗಿ ಭಾರ ಎಳೆಯಬೇಕು, ಅದಕ್ಕೇ ಅಷ್ಟು ಅಗಲ, ಅಷ್ಟು ಆಯಸ್ಕಾಂತ. ಫಿಶರ್ ಅಂಡ್ ಪೇಕಲ್ 1991ರಲ್ಲಿ, ಎಲ್‌ಜಿ 1998ರಲ್ಲಿ ಇಂಥ ಮಷೀನ್ ತಂದವು. ಸದ್ದು ಕಡಿಮೆ ಎನ್ನುವುದು ನಿಜ.

ಇಲ್ಲಿ ಕೆಡುವುದು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್. ಡ್ರಮ್ ತಿರುಗದೆ ಅತ್ತಿತ್ತ ಜಗ್ಗಿ ನಿಂತರೆ ಹಾಲ್ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಮೋಟರ್ ಎಲ್ಲಿದೆ ಎಂದು ಬೋರ್ಡ್‌ಗೆ ತಿಳಿಸುವ ಸಣ್ಣ ಭಾಗ ಅದು. ಎಲ್‌ಜಿ ಮಷೀನ್‌ನಲ್ಲಿ ಆಗ `LE` ಎಂದು ಬರುತ್ತದೆ. ಬಟ್ಟೆ ಅತಿಯಾಗಿ ತುಂಬಿದ್ದರೂ ಅದೇ ಬರುತ್ತದೆ, ಹಾಗಾಗಿ ಅರ್ಧ ಬಟ್ಟೆ ತೆಗೆದು ಮತ್ತೆ ಹಚ್ಚಿ ನೋಡಿ. ಒದ್ದೆ ಕೌದಿ ಒಂದೇ ಕಡೆ ಮುದ್ದೆಯಾದರೆ ಯಾವ ಬಗೆಯ ಮೋಟರೂ ಒದ್ದಾಡುತ್ತದೆ. ದಪ್ಪ ಕೌದಿಯನ್ನು 7 ಕೆಜಿ ಮಷೀನ್‌ಗೆ ಹಾಕಲೇಬೇಡಿ.

ಇನ್ವರ್ಟರ್ ಬೋರ್ಡ್‌ಗೆ ಮಾತ್ರ ಕೈ ಹಾಕಬೇಡಿ. ಮನೆಯ 230 ವೋಲ್ಟ್ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ. ಮುಂಗಾರಿನ ಮೊದಲ ಗಾಳಿಮಳೆಗೆ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 230ರ ಬದಲು 400 ವೋಲ್ಟ್ ಹತ್ತಿರ ಬರಬಹುದು. ಸಿಡಿಲು, ಗಾಳಿ ಇದ್ದಾಗ ಪ್ಲಗ್ ಕಿತ್ತಿಡಿ. ಯೂನಿವರ್ಸಲ್ ಮೋಟರಿನ ಮಷೀನ್‌ಗೂ ಬೋರ್ಡ್ ಇದೆ, ಅದಕ್ಕೂ ಇದೇ ಮಾತು. ಇನ್ವರ್ಟರ್ ಬೋರ್ಡ್ ಹೋದರೆ ಖರ್ಚು ಸಾವಿರಗಳಲ್ಲಿ.

ಕೊಳ್ಳುವಾಗ "ಮೋಟರ್‌ಗೆ 10 ವರ್ಷ ವಾರಂಟಿ" ಎಂಬ ಸ್ಟಿಕರ್ ಕಂಡರೆ, ಬೋರ್ಡ್‌ಗೆ ಎಷ್ಟು ವರ್ಷ ಎಂದು ಬೇರೆಯಾಗಿ ಕೇಳಿ. ಸಾಮಾನ್ಯವಾಗಿ ಆ 10 ವರ್ಷ ಮೋಟರ್‌ಗೆ ಮಾತ್ರ. ಬೋರ್ಡ್ ಇಡೀ ಮಷೀನಿನ ಕಡಿಮೆ ವಾರಂಟಿಯಲ್ಲೇ ಬರುತ್ತದೆ. ಅಂಗಡಿಯವರು ಹೇಳಿದ್ದು ವಾರಂಟಿ ಕಾರ್ಡಿನಲ್ಲಿ ಬರೆದಿದೆಯೇ ಎಂದು ಅಲ್ಲೇ ತೆಗೆಸಿ ಓದಿ.